ಇಷ್ಟು ದಿನ ನಕ್ಕಿದ್ದೇನೆ, ಈಗ ಬೇಡ ಅನ್ನಬಹುದಾ?

ಪ್ರಶ್ನೆ: ಮಂಗಳೂರಿನಲ್ಲಿ ಆಫೀಸ್ ಕೆಲಸ. ಪಕ್ಕದ ಟೇಬಲ್ಲಿನವರು ಮೊದಲಿನಿಂದಲೂ ನನ್ನ ಕಾಲೆಳೆಯುತ್ತಾರೆ, ನಾನೂ ಬಿಡುವವಳಲ್ಲ. ಈಚೆಗೆ ಅವರ ಮಾತು ಕಿರಿಕಿರಿಯಾಗುತ್ತಿದೆ. ಈಗ ಬೇಡ ಅಂದರೆ ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. ನೀವೇ ಬರೆದಿರುವ ಅವರ ಎರಡು ಮಾತು ನೋಡೋಣ.

ಒಂದು, ಊಟದ ಹೊತ್ತಿನದ್ದು. 'ಎಂತ ಮಾರಾಯ್ರೆ, ಇವತ್ತೂ ಬಂಗುಡೆಯಾ? ಫ್ಯಾನ್ ಜೋರು ಮಾಡಿ!' ಎಲ್ಲರೂ ನಕ್ಕರು. 'ನಿಮ್ಮ ನೀರು ಸಾರಿಗಿಂತ ವಾಸಿ' ಅಂತ ನೀವೂ ಕೊಟ್ಟಿರಿ. ಲೆಕ್ಕ ಚುಕ್ತಾ.

ಇನ್ನೊಂದು, ಲಿಫ್ಟ್ ಹತ್ತಿರ ನೀವೊಬ್ಬರೇ ಸಿಕ್ಕಾಗ. 'ದಿನಾ ಸೀರೆಯಲ್ಲೇ ಬಾ, ನೋಡ್ಲಿಕ್ಕೆ ಖುಷಿಯಾಗ್ತದೆ.' ಅವತ್ತೇ ರಾತ್ರಿ 10:40ಕ್ಕೆ 'ನಿದ್ದೆ ಬಂತಾ?' ಅಂತ ಮೆಸೇಜ್.

ಇದಕ್ಕೆ ಏನು ಮಾರುತ್ತರ ಕೊಡ್ತೀರಿ? ಹೊಳೆಯುವುದಿಲ್ಲ, ಅಲ್ವಾ? ಕಾಲೆಳೆದವರ ಕಾಲನ್ನು ತಿರುಗಿ ಎಳೆಯಲು ಆಗಬೇಕು, ತಮಾಷೆ ಅಂದರೆ ಅದು. ಇಲ್ಲಿ ಮಾತು ಬುತ್ತಿಯಿಂದ ಮೈಮೇಲೆ ಬಂದಿದೆ, ನಗಲು ಸುತ್ತ ಯಾರೂ ಇಲ್ಲ. ಇನ್ನೊಂದು ಗಮನಿಸಿದಿರಾ? ಮಾರಾಯ್ರೆ ಅನ್ನುತ್ತಿದ್ದವರು ಸುಮ್ನೆ 'ಬಾ'ಗೆ ಇಳಿದಿದ್ದಾರೆ. ನಮ್ಮ ಕಡೆ ಸಲುಗೆಯಲ್ಲಿ ಏಕವಚನ ಬರುತ್ತದೆ, ನಿಜ. ಆದರೆ ನಾಲ್ಕು ಜನರೆದುರು 'ನೀವು', ಒಬ್ಬರೇ ಇದ್ದಾಗ 'ನೀನು' ಅಂದರೆ ನನಗಂತೂ ಅನುಮಾನ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 2013ರ ಕಾಯ್ದೆ ಇದೆ. ಲೈಂಗಿಕ ಛಾಯೆಯ ಮಾತು ನಿಮಗೆ ಬೇಡವಾಗಿದ್ದರೆ ಅದೂ ಇದರಲ್ಲಿ ಬರುತ್ತದೆ. ಬಂಗುಡೆ ಮಾತು ಬರುವುದಿಲ್ಲ. ನಿನ್ನೆ ನಕ್ಕಿದ್ದು ಇವತ್ತಿಗೂ ಒಪ್ಪಿಗೆ ಆಗುವುದಿಲ್ಲ.

ಆದರೂ ಮುಜುಗರದ ನಗು ನಿಜವಾದ ನಗುವಿನ ಹಾಗೇ ಕಾಣುತ್ತದೆ. ಅವರಿಗೆ ಗೊತ್ತಾಗದೇ ಇರಲೂಬಹುದು. ದೂರು ಕೊಡುವ ಮೊದಲು ಹೇಳಲೇಬೇಕು ಅಂತ ಕಾನೂನಿಲ್ಲ, ಆದರೆ ಹೆದರಿಕೆ ಇಲ್ಲದಿದ್ದರೆ ಒಮ್ಮೆ ಹೇಳಿ ನೋಡಿ: 'ಊಟದ ತಮಾಷೆ ಇರಲಿ. ನನ್ನ ಸೀರೆ, ರೂಪದ ಮಾತು ಬೇಡ. ರಾತ್ರಿ ಮೆಸೇಜೂ ಬೇಡ.' ಹೇಳುವಾಗ ನಗಬೇಡಿ.

ಒಳ್ಳೆಯವರಾದರೆ ಮುಖ ಸಣ್ಣ ಮಾಡಿಕೊಂಡು ಸಾರಿ ಅಂತಾರೆ, ವಾರ ಕಳೆದರೆ ಮತ್ತೆ ಬಂಗುಡೆಗೆ ಬರ್ತಾರೆ. ಅದು ಬಿಟ್ಟು, 'ಇವರ ಹತ್ರ ಮಾತಾಡ್ಲಿಕ್ಕೆ ಪರ್ಮಿಷನ್ ಬೇಕು ಮಾರ್ರೆ' ಅಂತ ಎಲ್ಲರೆದುರು ಚುಚ್ಚಿದರೆ, ಮೆಸೇಜೂ ಮುಂದುವರಿದರೆ, ಇನ್ನು ಸಂಶಯದ ಲಾಭ ಕೊಡಬೇಕಾಗಿಲ್ಲ.

10 ಅಥವಾ ಜಾಸ್ತಿ ಜನ ಇರುವ ಆಫೀಸಿನಲ್ಲಿ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಕೊನೆಯ ಘಟನೆಯಿಂದ 3 ತಿಂಗಳೊಳಗೆ, ಬರವಣಿಗೆಯಲ್ಲಿ. (ಈ ಕಾಯ್ದೆಯಡಿ ಮಹಿಳೆಯರಷ್ಟೇ ದೂರು ಕೊಡಬಹುದು. ಹೆಂಗಸರ ಕೀಟಲೆಯಿಂದ ಸೋತ ಗಂಡಸರೂ ಇದ್ದಾರೆ. ಅವರು ಎಚ್‌ಆರ್‌ಗೆ ಹೇಳಬೇಕಷ್ಟೆ.)

ಆ 10:40ರ ಮೆಸೇಜನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಿಲ್ಲ ತಾನೆ? ಹಾಗೇ ಇರಲಿ.