ಅಣ್ಣನ ದುಬೈ ನಂಬರು ಅಮ್ಮನ ವಾಟ್ಸಾಪಿನಲ್ಲಿ ಏಕೆ ಕಾಣುವುದಿಲ್ಲ?

ಪೈವಳಿಕೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಹಿರಿಯ ಮಗ ದುಬೈಯಲ್ಲಿ ಹೊಸ ಸಿಮ್ ತೆಗೆದುಕೊಂಡು, ಅದೇ ನಂಬರಿನಲ್ಲಿ ವಾಟ್ಸಾಪ್ ಹಾಕಿಕೊಂಡಿದ್ದಾನೆ. ತಮ್ಮ ಆ ನಂಬರನ್ನು ಚೀಟಿಯಲ್ಲಿದ್ದಂತೆ ಅಮ್ಮನ ಫೋನಿನಲ್ಲಿ ಸೇವ್ ಮಾಡುತ್ತಾನೆ: 050 123 4567. ಮಗ ಫೋನ್ ಮಾಡಿದಾಗ ಪರದೆಯಲ್ಲಿ ಅವನ ಹೆಸರು ಮೂಡುತ್ತದೆ. ವಾಟ್ಸಾಪಿನಲ್ಲಿ ಹುಡುಕಿದರೆ ಮಾತ್ರ ಹೆಸರಿನ ಪಕ್ಕ ‘ಆಹ್ವಾನಿಸಿ’ ಎಂದು ಬರುತ್ತದೆ, ಅವನು ವಾಟ್ಸಾಪಿನಲ್ಲೇ ಇಲ್ಲವೇನೋ ಎಂಬಂತೆ.

ಎರಡೂ ಕಡೆ ನಂಬರು ಒಂದೇ, ಹೋಲಿಸುವ ಬಗೆ ಬೇರೆ. ಕರೆ ಬಂದಾಗ ಫೋನು ತನ್ನಲ್ಲಿರುವ ಮುನ್ನೂರೋ ಐನೂರೋ ಹೆಸರುಗಳ ನಡುವೆ ಹುಡುಕಿದರೆ ಸಾಕು. ಅಷ್ಟಕ್ಕೆ ಅಂದಾಜು ಸಾಲುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳು ಕೊನೆಯ ಏಳೆಂಟು ಅಂಕೆ ಹೊಂದಿದರೆ ಅದೇ ವ್ಯಕ್ತಿ ಎಂದು ತೀರ್ಮಾನಿಸುತ್ತವೆ. +971 50 123 4567 ಮತ್ತು 050 123 4567 ಎರಡರ ಬಾಲವೂ ಒಂದೇ ಆದ್ದರಿಂದ ಹೆಸರು ಬಂತು. ಮೆಸೇಜಿಂಗ್ ಆ್ಯಪ್ ಹುಡುಕಬೇಕಾದದ್ದು ಜಗತ್ತಿನ ಎಲ್ಲ ಬಳಕೆದಾರರ ನಡುವೆ. ಭಾರತದ ಮೊಬೈಲ್ ನಂಬರುಗಳನ್ನಷ್ಟೇ ತೆಗೆದುಕೊಂಡರೂ ಕೊನೆಯ ಏಳು ಅಂಕೆ ಒಂದೇ ಆಗಿರುವ ನಂಬರುಗಳು 400ರವರೆಗೆ ಇರಬಹುದು, ಏಕೆಂದರೆ ಮೊದಲ ಮೂರು ಅಂಕೆ 600ರಿಂದ 999ರವರೆಗೆ ಯಾವುದೂ ಆಗಬಹುದು. ಅಲ್ಲಿ ಅಂದಾಜು ನಡೆಯದು, ಪೂರ್ತಿ ನಂಬರೇ ಬೇಕು.

ಪೂರ್ತಿ ನಂಬರು ಎಂದರೆ ಏನೆಂಬುದಕ್ಕೆ E.164 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಮೊದಲು ದೇಶದ ಕೋಡ್, ನಂತರ ದೇಶದೊಳಗಿನ ನಂಬರು, ಒಟ್ಟು 15 ಅಂಕೆ ಮೀರಬಾರದು. ನೀವು ಆ್ಯಪಿಗೆ ನೋಂದಾಯಿಸಿಕೊಂಡಾಗ ಸರ್ವರಿನಲ್ಲಿ ಕೂರುವುದು ಈ ರೂಪದ ನಂಬರೇ. ಹಾಗಾಗಿ ನಿಮ್ಮ ಫೋನ್‌ಬುಕ್ಕಿನಲ್ಲಿ ಹೇಗೆ ಹೇಗೋ ಬರೆದಿಟ್ಟ ನಂಬರುಗಳನ್ನೆಲ್ಲ ಸರ್ವರಿಗೆ ಕೇಳುವ ಮುಂಚೆ ಇದೇ ರೂಪಕ್ಕೆ ತರಬೇಕು. ಜಾಗ, ಗೆರೆ, ಆವರಣ ತೆಗೆಯುವುದು ಸುಲಭ. ಕಷ್ಟ ಬರುವುದು ಪ್ಲಸ್ ಚಿಹ್ನೆ ಇಲ್ಲದಾಗ, ಏಕೆಂದರೆ ಬರಿಯ ಅಂಕೆಗಳಲ್ಲಿ ದೇಶದ ಸುಳಿವಿಲ್ಲ. ಆಗ ಆ್ಯಪ್ ಒಂದು ಊಹೆ ಮಾಡುತ್ತದೆ: ಈ ಖಾತೆ ಯಾವ ದೇಶದ ನಂಬರಿನದ್ದೋ, ಈ ಸಂಪರ್ಕವೂ ಅದೇ ದೇಶದ್ದು. ಅಮ್ಮನ ಖಾತೆ +91. ಮುಂದಿನ ಸೊನ್ನೆ ದೇಶದೊಳಗೆ ಡಯಲ್ ಮಾಡಲಷ್ಟೇ ಇರುವಂಥದ್ದು, ಅದು ಬಿದ್ದುಹೋಗುತ್ತದೆ.

```
050 123 4567  ಅಮ್ಮನ ಫೋನಿನಲ್ಲಿ       →  +91 501234567
050 123 4567  ದುಬೈ ಗೆಳೆಯನ ಫೋನಿನಲ್ಲಿ  →  +971 501234567
```

ಮೇಲಿನ ಸಾಲಿನಲ್ಲಿ +91ರ ನಂತರ ಒಂಬತ್ತೇ ಅಂಕೆ. ಭಾರತದಲ್ಲಿ ಅಂಥ ಮೊಬೈಲ್ ನಂಬರೇ ಇಲ್ಲ. ಆದರೆ ‘ನೀವು ಬರೆದದ್ದು ತಪ್ಪು’ ಎಂದು ಯಾರೂ ಹೇಳುವುದಿಲ್ಲ. ಸರ್ವರಿನಿಂದ ಬರುವ ಉತ್ತರ ಇದೆ ಅಥವಾ ಇಲ್ಲ, ಅಷ್ಟೇ. ತಪ್ಪಾಗಿ ಬರೆದ ನಂಬರು, ನೋಂದಣಿಯಾಗದ ನಂಬರು ಎರಡೂ ನಮ್ಮ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಗೊಂದಲದ ಬೇರು ಇಲ್ಲಿದೆ.

ಇದೇ ಕತೆ ತಿರುಗಿಯೂ ನಡೆಯುತ್ತದೆ. ಗಲ್ಫಿಗೆ ಹೋದವನು ವಾಟ್ಸಾಪನ್ನು +971ಕ್ಕೆ ಬದಲಿಸಿಕೊಂಡ ದಿನ, ಊರಿನವರ ಹತ್ತಂಕೆಯ ನಂಬರುಗಳಿಗೆಲ್ಲ ಆ್ಯಪ್ +971 ಸೇರಿಸಿ ನೋಡಲು ಶುರುಮಾಡುತ್ತದೆ. ಫೋನು ಅದೇ, ಹೆಸರುಗಳು ಅವೇ, ಕಾಣಿಸದವರ ಪಟ್ಟಿ ಮಾತ್ರ ಉದ್ದವಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಅಮೆರಿಕದ ನಂಬರು. ಅಲ್ಲಿಯೂ ಹತ್ತೇ ಅಂಕೆ. ನ್ಯೂಜೆರ್ಸಿಯ 732ರಿಂದ ಶುರುವಾಗುವ ನಂಬರನ್ನು +1 ಇಲ್ಲದೆ ಇಲ್ಲಿ ಸೇವ್ ಮಾಡಿದರೆ, ಅದು ಸಲೀಸಾಗಿ ಭಾರತದ ಮೊಬೈಲ್ ನಂಬರಾಗಿಬಿಡುತ್ತದೆ. ನಿಮ್ಮ ಚಿಕ್ಕಪ್ಪನ ಹೆಸರಿನಡಿ ಯಾರೋ ಗುರುತಿಲ್ಲದವರ ಫೋಟೊ ಬಂದರೆ ಮೊದಲು ಇದನ್ನು ನೋಡಿ.

ಕಾಸರಗೋಡಿನ ಅಂಗಡಿಗಳದ್ದು ಇನ್ನೊಂದು ಬಗೆ. ವಾಟ್ಸಾಪ್ ಬಿಸಿನೆಸ್ಸನ್ನು ಲ್ಯಾಂಡ್‌ಲೈನ್ ನಂಬರಿನಲ್ಲೂ ನೋಂದಾಯಿಸಬಹುದು, ದೃಢೀಕರಣದ ಕೋಡು ಕರೆಯ ಮೂಲಕ ಬರುತ್ತದೆ. ಊರಿನ ಗಿರಾಕಿಗಳು ಸೇವ್ ಮಾಡಿಕೊಂಡಿರುವುದು ಲ್ಯಾಂಡ್‌ಲೈನಿನಿಂದ ಒತ್ತುವ ಆರಂಕೆ ಮಾತ್ರ. ಮುಂದೆ 04994 ಇಲ್ಲದಿದ್ದರೆ ಆ ಅಂಗಡಿ ಅವರ ಪಟ್ಟಿಗೆ ಎಂದೂ ಬಾರದು. ಮೊಬೈಲ್ ನಂಬರಿನ ಮುಂದೆ ಸೊನ್ನೆ ಇದ್ದರೆ ಹೆದರಬೇಕಿಲ್ಲ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಂದು ಬಂದ ಮೇಲೆ ಹಾಗೆ ಸೇವ್ ಮಾಡಿದವರು ಹಲವರು, ಆ ಸೊನ್ನೆಯನ್ನು ಆ್ಯಪ್ ತಾನೇ ಉದುರಿಸುತ್ತದೆ.

ನಂಬರುಗಳನ್ನು ಹಾಗೆಯೇ ಕಳಿಸುವ ಬದಲು ಹ್ಯಾಶ್ ಮಾಡಿ, ಅಂದರೆ ಗುರುತು ಸಿಗದ ಬೇರೊಂದು ಸಂಕೇತವಾಗಿ ಬದಲಿಸಿ ಕಳಿಸಿದರೆ ಗುಟ್ಟು ಉಳಿಯುತ್ತದಲ್ಲ ಎಂದು ಕೆಲವರು ಕೇಳುವುದುಂಟು. ಉಳಿಯುವುದು ಅಷ್ಟಕ್ಕಷ್ಟೆ. 6, 7, 8, 9ರಿಂದ ಆರಂಭವಾಗುವ ಹತ್ತಂಕೆಯ ನಂಬರುಗಳು ಒಟ್ಟು 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಹ್ಯಾಶ್ ಮಾಡಿ ಮುಗಿಸಲು ಕೆಲವು ಸೆಕೆಂಡು ಸಾಕು, ಆಮೇಲೆ ಯಾವ ಹ್ಯಾಶ್ ಯಾವ ನಂಬರಿನದ್ದೆಂದು ತಾಳೆ ನೋಡುವುದಷ್ಟೇ ಕೆಲಸ. ಈ ಕಾರಣಕ್ಕೇ ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್ 2017ರಲ್ಲಿ ಬೇರೆ ದಾರಿ ಹಿಡಿಯಿತು. ಸರ್ವರನ್ನು ನಡೆಸುವವರಿಗೂ ಒಳಗೆ ಇಣುಕಲಾಗದಂತೆ ಪ್ರೊಸೆಸರ್ ಕಾಯುವ ಭಾಗದಲ್ಲಿ ಅದು ಹೋಲಿಕೆಯ ಕೆಲಸ ಮಾಡಿಸುತ್ತದೆ.

ಸರಿ, ಅಮ್ಮನ ಫೋನಿಗೆ ಬರೋಣ. ನಂಬರನ್ನು ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಬ್ರೌಸರಿನಲ್ಲಿ ಪ್ಲಸ್, ಮುಂದಿನ ಸೊನ್ನೆ, ಜಾಗ ಏನೂ ಇಲ್ಲದೆ ಹೀಗೆ ಟೈಪ್ ಮಾಡಿ:

```
https://wa.me/971501234567
```

ಚಾಟ್ ತೆರೆದುಕೊಂಡರೆ ಅವನು ವಾಟ್ಸಾಪಿನಲ್ಲಿದ್ದಾನೆ, ದೋಷ ಫೋನ್‌ಬುಕ್ಕಿನದ್ದು. ಸಂಪರ್ಕವನ್ನು +971 50 123 4567 ಎಂದು ತಿದ್ದಿ, ಹೊಸ ಚಾಟ್ ಪಟ್ಟಿಗೆ ಹೋಗಿ ಮೂರು ಚುಕ್ಕಿಯ ಮೆನುವಿನಿಂದ ರಿಫ್ರೆಶ್ ಮಾಡಿದರೆ ಹೆಸರು ಬರುತ್ತದೆ. ತಿದ್ದಿದ ಮೇಲೂ ಬಾರದಿದ್ದರೆ ಆ್ಯಪಿಗೆ ಸಂಪರ್ಕಗಳನ್ನು ಓದುವ ಅನುಮತಿ ಇದೆಯೇ ನೋಡಿ. ಐಫೋನಿನಲ್ಲಿ ಐಒಎಸ್ 18ರಿಂದ ಆಯ್ದ ಕೆಲವೇ ಸಂಪರ್ಕಗಳನ್ನು ಆ್ಯಪಿಗೆ ಕೊಡುವ ಅವಕಾಶವಿದೆ. ಹಾಗೆ ಕೊಟ್ಟಿದ್ದರೆ ಹೊಸದಾಗಿ ಸೇರಿಸಿದ ಹೆಸರು ಅದರ ಕಣ್ಣಿಗೇ ಬೀಳದಿರಬಹುದು.

ಪರೀಕ್ಷೆಯಲ್ಲಿಯೇ ಆ ನಂಬರು ವಾಟ್ಸಾಪಿನಲ್ಲಿಲ್ಲ ಎಂದು ಬಂದರೆ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಗಲ್ಫಿನಲ್ಲಿರುವ ನಮ್ಮವರಲ್ಲಿ ಇದಕ್ಕೆ ತೀರ ಸಾಮಾನ್ಯ ಕಾರಣ, ಕರೆಗೆ ಅಲ್ಲಿನ ಸಿಮ್ ಹಾಕಿಕೊಂಡು ವಾಟ್ಸಾಪನ್ನು ಊರಿನ +91 ನಂಬರಿನಲ್ಲೇ ಉಳಿಸಿಕೊಂಡಿರುವುದು. ಅವರ ದುಬೈ ನಂಬರು ಹುಡುಕಿದರೆ ಸಿಗದು, ಹಳೆಯದನ್ನು ಹುಡುಕಿದರೆ ಸಿಗುತ್ತದೆ. ಸಿಗ್ನಲಿನಲ್ಲಾದರೆ 2024ರಿಂದ ಇನ್ನೊಂದು ಸಾಧ್ಯತೆಯಿದೆ: ನಂಬರಿನಿಂದ ತನ್ನನ್ನು ಯಾರೂ ಹುಡುಕದಂತೆ ಬಳಕೆದಾರನೇ ಸೆಟ್ಟಿಂಗ್ ಬದಲಿಸಿರಬಹುದು. ಅಲ್ಲಿ ಸರಿಯಾದ ನಂಬರಿಗೂ ಉತ್ತರ ‘ಇಲ್ಲ’ ಎಂದೇ.

ಇನ್ನು ಬ್ಲಾಕ್ ಮಾಡಿದ್ದಾರೆಂಬ ಅನುಮಾನ. ವಾಟ್ಸಾಪಿನಲ್ಲಿ ಬ್ಲಾಕ್ ಆದರೆ ಹೆಸರು ನಿಮ್ಮ ಪಟ್ಟಿಯಿಂದ ಮಾಯವಾಗುವುದಿಲ್ಲ. ಆನ್‌ಲೈನ್ ಇದ್ದಾರೋ ಎಂಬುದು ಕಾಣದು, ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಬೀಳುತ್ತದೆ, ಹೆಸರು ಮಾತ್ರ ಇದ್ದಲ್ಲೇ ಇರುತ್ತದೆ. ಹೆಸರಿನ ಪಕ್ಕ ‘ಆಹ್ವಾನಿಸಿ’ ಎಂದು ಕಂಡದ್ದಕ್ಕೆ ಕತಾರಿನಲ್ಲಿರುವ ಬಾವನ ಮೇಲೆ ಮುನಿಸಿಕೊಳ್ಳುವ ಮೊದಲು ಅವರ ನಂಬರಿನ ಮುಂದೆ +974 ಇದೆಯೇ ಎಂದು ನೋಡಿಕೊಳ್ಳಿ.