ಕಡೆಯ ಸೀಟುಗಳನ್ನು ಯಾರಿಗಾಗಿ ಎತ್ತಿಡುತ್ತೇವೆ?

ಹೊರಡಲು ಎರಡು ದಿನವಿರುವಾಗ ಟಿಕೆಟ್ ಹುಡುಕಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಸೀಟುಗಳು ಇನ್ನೂ ಖಾಲಿ ಇವೆ, ವಿಮಾನ ಹೇಗೂ ಹಾರಲೇಬೇಕು, ಕಡಿಮೆ ದರಕ್ಕೆ ಕೊಟ್ಟರೆ ನಿಮಗೇನು ನಷ್ಟ? ವಿಮಾನಯಾನ ಸಂಸ್ಥೆಯ ಆದಾಯ ನಿರ್ವಹಣಾ ವಿಭಾಗದಲ್ಲಿ ಕುಳಿತು ದಿನವೂ ಈ ಸೀಟುಗಳ ಲೆಕ್ಕ ನೋಡುವ ನನ್ನ ಉತ್ತರ ಇಷ್ಟು: ಅವು ಮಾರಾಟವಾಗದೆ ಉಳಿದ ಸೀಟುಗಳಲ್ಲ, ಬುಕಿಂಗ್ ತೆರೆದ ದಿನದಿಂದಲೇ ಎತ್ತಿಟ್ಟವು.

ಪ್ರಯಾಣಿಕರಿಗೆ ಒಂದೇ ಆಗಿ ಕಾಣುವ ಎಕಾನಮಿ ವಿಭಾಗ ನಮ್ಮ ಲೆಕ್ಕದಲ್ಲಿ ಹತ್ತಾರು ಫೇರ್ ಬಕೆಟ್‌ಗಳಾಗಿ ಒಡೆದಿರುತ್ತದೆ. ಒಂದೊಂದಕ್ಕೂ ಒಂದು ಅಕ್ಷರ, ಒಂದು ದರ, ಅದರದೇ ಷರತ್ತುಗಳು. ಬುಕಿಂಗ್ ಪರದೆಯಲ್ಲಿ ಅದು ಹೀಗೆ ಕಾಣುತ್ತದೆ:

```
Y9 B9 M9 K2 L0
```

ಎಡಗಡೆಯ Y ಅತಿ ದುಬಾರಿ, ಬಲಗಡೆಯ L ಅತಿ ಅಗ್ಗ. L ಮುಚ್ಚಿದೆ, K ದರದಲ್ಲಿ ಎರಡೇ ಸೀಟು. 9 ಎಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು. ಇವನ್ನೆಲ್ಲ ಕೂಡಿಸಿ ಒಟ್ಟು ಸೀಟುಗಳ ಸಂಖ್ಯೆ ತೆಗೆಯಲು ಹೋಗಬೇಡಿ. ಬಕೆಟ್‌ಗಳು ಅಕ್ಕಪಕ್ಕ ಇಟ್ಟ ಡಬ್ಬಿಗಳಲ್ಲ, ಒಂದರೊಳಗೊಂದು ಕೂತ ಪಾತ್ರೆಗಳು. ದುಬಾರಿ ದರ ಕೊಡುವವರಿಗೆ ಖಾಲಿ ಇರುವ ಯಾವ ಸೀಟೂ ಸಿಗುತ್ತದೆ. ಅಗ್ಗದ ದರಕ್ಕೆ ಮಾತ್ರ ಮಿತಿ.

ಆ ಮಿತಿಯನ್ನು ಎಲ್ಲಿ ಎಳೆಯಬೇಕು? 1972ರಲ್ಲಿ ಬ್ರಿಟಿಷ್ ಓವರ್‌ಸೀಸ್ ಏರ್‌ವೇಸ್ ಕಾರ್ಪೊರೇಷನ್‌ನ ಕೆನ್ ಲಿಟಲ್‌ವುಡ್ ಕೊಟ್ಟ ಸೂತ್ರವೇ ಇಂದಿಗೂ ಬುನಾದಿ. 180 ಸೀಟುಗಳ ವಿಮಾನ, ಎರಡೇ ದರ ಎಂದುಕೊಳ್ಳೋಣ. ದುಬಾರಿಯದು 100, ಅಗ್ಗದ್ದು 40. ಅಗ್ಗದವರು ವಾರಗಳ ಮೊದಲೇ ಬರುತ್ತಾರೆ. ತುರ್ತು ಕೆಲಸಕ್ಕೋ ಸಾವುನೋವಿಗೋ ಹೊರಟವರು ಕೊನೆಗೆ ಬರುತ್ತಾರೆ. ಅಂಥವರು ಸರಾಸರಿ 30 ಮಂದಿ ಎಂದು ಹಳೆಯ ಹಾರಾಟಗಳು ಹೇಳುತ್ತವೆ. ಆದರೆ ಸಂಖ್ಯೆ ದಿನದಿಂದ ದಿನಕ್ಕೆ ಏರುಪೇರಾಗುತ್ತದೆ.

ಈಗ ಒಂದೊಂದೇ ಸೀಟನ್ನು ಕೈಗೆತ್ತಿಕೊಂಡು ಕೇಳಬೇಕು: ಇದನ್ನು ಇಂದೇ 40ಕ್ಕೆ ಕೊಡುವುದೋ, 100 ಕೊಡುವವರಿಗಾಗಿ ಕಾಯುವುದೋ? ಅಂಥ 20 ಮಂದಿಯಾದರೂ ಬರುವ ಸಾಧ್ಯತೆ ನೂರಕ್ಕೆ 85 ಇದ್ದರೆ, ಎತ್ತಿಟ್ಟ ಇಪ್ಪತ್ತನೇ ಸೀಟಿನ ನಿರೀಕ್ಷಿತ ಬೆಲೆ 85. ಕಾಯುವುದೇ ಲಾಭ. 32ನೆಯದಕ್ಕೆ ಸಾಧ್ಯತೆ 44, 34ನೆಯದಕ್ಕೆ 36. ಅಂದರೆ 33ರ ಆಸುಪಾಸಿನಲ್ಲಿ ಎರಡೂ ಸಮವಾಗುತ್ತವೆ. ಹಾಗಾಗಿ 33 ಸೀಟು ಎತ್ತಿಟ್ಟು, 147ನ್ನು ಮಾತ್ರ ಅಗ್ಗದ ದರಕ್ಕೆ ಬಿಡುತ್ತೇವೆ. ಬರುವವರ ಸರಾಸರಿ 30, ಎತ್ತಿಡುವುದು 33 ಎಂಬುದನ್ನು ಗಮನಿಸಿ. ದುಬಾರಿ ದರ ಅಗ್ಗದ್ದರ ಎರಡು ಪಟ್ಟಿಗಿಂತ ಹೆಚ್ಚಿರುವಾಗ, ಒಂದು ಸೀಟು ಖಾಲಿ ಹೋಗುವುದಕ್ಕಿಂತ 100 ಕೊಡಬಲ್ಲವರನ್ನು ಹಿಂದಕ್ಕೆ ಕಳಿಸುವುದೇ ದೊಡ್ಡ ನಷ್ಟ.

148ನೇ ಪ್ರಯಾಣಿಕರಿಗೆ ದರ ಒಮ್ಮೆಲೇ ಜಿಗಿದಂತೆ ಕಾಣುವುದು ಇದರಿಂದ. ವಿಮಾನದಲ್ಲಿ ಆಗ ಇನ್ನೂ 33 ಸೀಟು ಖಾಲಿ. ನಿಜವಾದ ಹಾರಾಟದಲ್ಲಿ ಬಕೆಟ್‌ಗಳು ಹೆಚ್ಚಿರುವುದರಿಂದ ಜಿಗಿತ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಅಷ್ಟೇ ವ್ಯತ್ಯಾಸ.

ಅಂದಾಜು ತಪ್ಪುವುದೂ ಉಂಟು. ಬುಕಿಂಗ್ ನಿರೀಕ್ಷೆಗಿಂತ ಹಿಂದೆ ಬಿದ್ದರೆ ಮುಚ್ಚಿದ ಬಕೆಟ್ ಮತ್ತೆ ತೆರೆಯುತ್ತೇವೆ. ಯಾರಾದರೂ ಟಿಕೆಟ್ ರದ್ದು ಮಾಡಿದಾಗಲೂ ಅಗ್ಗದ ಬಕೆಟ್ ತೆರೆದುಕೊಳ್ಳಬಹುದು. ಆದರೆ ಹದಿನಾಲ್ಕು ಅಥವಾ ಏಳು ದಿನ ಮೊದಲೇ ಕೊಳ್ಳಬೇಕೆಂಬ ಷರತ್ತಿರುವ ದರಗಳು, ಸೀಟು ಎಷ್ಟೇ ಉಳಿದಿದ್ದರೂ ಆ ಗಡುವು ದಾಟಿದ ಮೇಲೆ ಸಿಗುವುದಿಲ್ಲ. ಕೊನೆಯ ದಿನ ಇಳಿಯುತ್ತದೆಂದು ಕಾದು ಕುಳಿತವರು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಇನ್ನೊಂದು ಸಂಗತಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವವರಿಗೆ ತಿಳಿದಿರಲೇಬೇಕು. ಮೇಲಿನ ಪರದೆಯನ್ನೇ ನೋಡಿ. K ದರದಲ್ಲಿ ಎರಡು ಸೀಟು ಇವೆ. ಮೂವರಿಗೆ ಒಟ್ಟಿಗೆ ಹುಡುಕಿದರೆ ವ್ಯವಸ್ಥೆ ಸಾಮಾನ್ಯವಾಗಿ ಮೂರೂ ಸೀಟು ಸಿಗುವ ಬಕೆಟನ್ನೇ ಹುಡುಕುತ್ತದೆ. K ಸಾಲದು, ಮೂವರಿಗೂ M ದರ ಬೀಳುತ್ತದೆ. ನನ್ನ ಪರಿಚಯದವರೊಬ್ಬರು ಹೀಗೆಯೇ ಕೊಂಡ ಮೇಲೆ ನನಗೆ ಫೋನ್ ಮಾಡಿದ್ದರು. ಒಬ್ಬರಿಗೆ ಮಾತ್ರ ಹುಡುಕಿ ನೋಡಿ, ದರ ಕಡಿಮೆ ಕಂಡರೆ ಇಬ್ಬರಿಗೆ ನೋಡಿ. ಎರಡು K, ಒಂದು M ಎಂದು ಬೇರೆ ಬೇರೆಯಾಗಿ ಕೊಳ್ಳಬಹುದು. ಆಗ ಪಿಎನ್‌ಆರ್ ಎರಡಾಗುತ್ತದೆ. ಹಾರಾಟ ರದ್ದಾದರೆ ನೀವು ಮೂವರೂ ಜೊತೆಗಿದ್ದೀರಿ ಎಂಬುದು ವ್ಯವಸ್ಥೆಗೆ ತಾನಾಗಿ ತಿಳಿಯುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಅವರನ್ನು ದೊಡ್ಡವರೊಬ್ಬರ ಪಿಎನ್‌ಆರ್‌ನಲ್ಲೇ ಇಡಿ, ಮತ್ತು ಎರಡೂ ಬುಕಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಿ ಟಿಪ್ಪಣಿ ಹಾಕುವಂತೆ ವಿಮಾನಯಾನ ಸಂಸ್ಥೆಯನ್ನು ಕೇಳಿಕೊಳ್ಳಿ.