ಮೋಸಂಬಿ, ನಿಂಬೆ ಮತ್ತು ಒಂದು ಪ್ಯಾಕೆಟ್ ಜ್ಯೂಸು

ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂತ ಚಾರ್ಟು ಬರೆದುಕೊಂಡೇ ನಮ್ಮ ಮನೆಗೆ ಬಂದಿದ್ದಳು. ಮೇಲ್ಗಡೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಅಕ್ಷರ: "ಪ್ಯಾಕೆಟ್ ಜ್ಯೂಸಿನಲ್ಲಿ ಮೋಸಂಬಿಗಿಂತ ವಿಟಮಿನ್ ಸಿ ಜಾಸ್ತಿ!"

"ಎಷ್ಟು ಸಲ ನೋಡಿದೆ?" ಅಂತ ಕೇಳಿದೆ.

"ಮೂರು ಸಲ ಚಿಕ್ಕಪ್ಪ. ಮೂರು ಸಲಾನೂ ಪ್ಯಾಕೆಟ್ಟೇ ಗೆದ್ದಿತು."

"ಎಷ್ಟು ಹಣ್ಣು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಒಂದು."

ಅಲ್ಲಿಗೆ ನಮ್ಮ ಭಾನುವಾರ ಹೋಯಿತು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು. ಮನೆಯಲ್ಲಿ ಒಂದು ಹಳೇ ಬ್ಯುರೆಟ್ ಇತ್ತು. ಬ್ಯುರೆಟ್ ಅಂದರೆ ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆ. ಕೆಳಗಿನ ನಲ್ಲಿ ತಿರುಗಿಸಿದರೆ ಹನಿ ಹನಿಯಾಗಿ ದ್ರವ ಬೀಳುತ್ತದೆ, ಎಷ್ಟು ಖರ್ಚಾಯಿತು ಅಂತ ಗೆರೆ ನೋಡಿ ಹೇಳಬಹುದು. ಬ್ಯುರೆಟ್ ಇಲ್ಲದವರು ಸೂಜಿ ತೆಗೆದ 10 ಮಿ.ಲೀ. ಸಿರಿಂಜಿನಲ್ಲೂ ಮಾಡಬಹುದು.

ಪರೀಕ್ಷೆಯ ಹಿಂದಿನ ಉಪಾಯ ಸರಳ. ಅಯೋಡಿನ್ ಪಿಷ್ಟವನ್ನು ಕಂಡರೆ ಕಡುನೀಲಿಯಾಗುತ್ತದೆ. ಆದರೆ ಪಕ್ಕದಲ್ಲಿ ವಿಟಮಿನ್ ಸಿ ಇದ್ದರೆ ಅದು ಅಯೋಡಿನ್ನನ್ನು ಮೊದಲೇ ಹಿಡಿದು ಅಯೋಡೈಡ್ ಮಾಡಿಬಿಡುತ್ತದೆ. ಅಯೋಡೈಡಿಗೆ ಪಿಷ್ಟದ ಜೊತೆ ಬಣ್ಣ ಬರುವುದಿಲ್ಲ. ವಿಟಮಿನ್ ಸಿ ಪೂರ್ತಿ ಮುಗಿದ ಮೇಲೆ ಬೀಳುವ ಹನಿಯೇ ನೀಲಿ ಹುಟ್ಟಿಸುವುದು. ಹಾಗಾಗಿ ಎಷ್ಟು ಅಯೋಡಿನ್ ಹಿಡಿಸಿತು ಅಂತ ಗೊತ್ತಾದರೆ ಎಷ್ಟು ವಿಟಮಿನ್ ಸಿ ಇತ್ತು ಅಂತ ಲೆಕ್ಕ ಹಾಕಬಹುದು. ಈ ಕೊನೆಯ ವಾಕ್ಯದಲ್ಲಿ ಒಂದು ಮೋಸ ಅಡಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಯೋಡಿನ್ನಿಗೆ ಗಾಯಕ್ಕೆ ಹಚ್ಚುವ 5 ಶೇಕಡಾ ಪೊವಿಡೋನ್ ಅಯೋಡಿನ್ ಸಾಕು. 20 ಮಿ.ಲೀ. ತೆಗೆದುಕೊಂಡು ನೀರು ಸೇರಿಸಿ 100 ಮಿ.ಲೀ. ಮಾಡಿದೆವು. ನಲ್ಲಿ ನೀರಿನ ಕ್ಲೋರಿನ್ ವಿಟಮಿನ್ ಸಿಯನ್ನು ಹಾಳುಮಾಡುತ್ತದೆ, ಅದಕ್ಕೇ ಎಲ್ಲದಕ್ಕೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಪಿಷ್ಟಕ್ಕೆ ಕಾಲು ಚಮಚ ಕಾರ್ನ್‌ಫ್ಲೋರ್ ಕುದಿಸಿ ಆರಿಸಿದ ತೆಳು ಗಂಜಿ. ಅಳತೆಗೋಲಾಗಿ ಮೆಡಿಕಲ್ ಶಾಪಿನ ಒಂದು ವಿಟಮಿನ್ ಸಿ ಮಾತ್ರೆ. ಅದರ ಮೇಲೆ 500 ಮಿ.ಗ್ರಾಂ. ಎಂದಿತ್ತು. ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದರೆ ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ. ಇದ್ದಂತಾಯಿತು. ಕರಗದ ಪುಡಿ ತಳದಲ್ಲಿ ಕೂರುತ್ತದೆ, ಮೇಲಿನ ತಿಳಿ ತೆಗೆದುಕೊಂಡರೆ ಸಾಕು.

ಮಾತ್ರೆಯ ತಿಳಿ 10 ಮಿ.ಲೀ., ಅಂದರೆ 10 ಮಿ.ಗ್ರಾಂ. ವಿಟಮಿನ್ ಸಿ. ಅದಕ್ಕೆ ಒಂದಿಷ್ಟು ಗಂಜಿ ಹಾಕಿ ಅಯೋಡಿನ್ ಬಿಟ್ಟೆವು. ಹನಿ ಬಿದ್ದಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿ ಹರಡುತ್ತದೆ, ಲೋಟ ಅಲ್ಲಾಡಿಸಿದ ತಕ್ಷಣ ಮಾಯ. ಕೊನೆಕೊನೆಗೆ ಮಾಯವಾಗಲು ತಡಮಾಡುತ್ತದೆ. ಅಲ್ಲಾಡಿಸಿ 20 ಸೆಕೆಂಡ್ ಕಾದರೂ ನೀಲಿ ನಿಂತರೆ ಅಲ್ಲಿಗೆ ನಿಲ್ಲಿಸಬೇಕು. ಮೂರು ಸಲ ಮಾಡಿದ್ದಕ್ಕೆ 14.2, 14.5, 14.3 ಮಿ.ಲೀ. ಬಂತು. ಸರಾಸರಿ 14.3. ಹಾಗಾದರೆ ಒಂದು ಮಿ.ಲೀ. ಅಯೋಡಿನ್ ಅಂದರೆ ಸುಮಾರು 0.7 ಮಿ.ಗ್ರಾಂ. ವಿಟಮಿನ್ ಸಿ. ಮುಂದಿನದೆಲ್ಲ ಈ 0.7ರ ಮೇಲೆ ನಿಂತಿದೆ.

ಈ 0.7 ತಾನೇ ಸರಿಯೋ? ಮಾತ್ರೆ ಮಾಡುವವರು ಅವಧಿ ಮುಗಿಯುವ ತನಕ ಹೇಳಿದಷ್ಟು ಉಳಿಯಲಿ ಅಂತ ವಿಟಮಿನ್ನನ್ನು ಸ್ವಲ್ಪ ಜಾಸ್ತಿಯೇ ಹಾಕುವುದು ವಾಡಿಕೆ. ಹತ್ತು ಶೇಕಡಾ ಜಾಸ್ತಿ ಇದ್ದರೆ ನಮ್ಮ ಎಲ್ಲ ಉತ್ತರಗಳೂ ಅಷ್ಟೇ ತಪ್ಪು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ತಪ್ಪು. ಮೋಸಂಬಿ ನಿಂಬೆಯ ಎಷ್ಟು ಪಟ್ಟು ಎಂಬ ಉತ್ತರಕ್ಕೆ ಏನೂ ಆಗುವುದಿಲ್ಲ. ಮಿಲಿಗ್ರಾಂ ಲೆಕ್ಕಕ್ಕಿಂತ ಹೋಲಿಕೆ ಗಟ್ಟಿ, ಅದೂ ಎಲ್ಲವನ್ನೂ ಒಂದೇ ಬಾಟಲಿಯ ಅಯೋಡಿನ್ನಿನಲ್ಲಿ ಒಂದೇ ದಿನ ನೋಡಿದ್ದರೆ.

ಸೋಸಿದ ಮೋಸಂಬಿ ರಸ 20 ಮಿ.ಲೀ.ಗೆ ಹಿಡಿಸಿದ್ದು 11.6 ಮಿ.ಲೀ. 0.7ರಿಂದ ಗುಣಿಸಿದರೆ ಸುಮಾರು 8.1 ಮಿ.ಗ್ರಾಂ., ಅಂದರೆ 100 ಮಿ.ಲೀ. ರಸಕ್ಕೆ ಸುಮಾರು 40. ಪ್ಯಾಕೆಟ್ಟಿನ ಜ್ಯೂಸಿಗೆ 12.9, ಅಂದರೆ 100ಕ್ಕೆ 45. "ನೋಡಿ, ನಾನು ಹೇಳಿರಲಿಲ್ವಾ?" ಅಂದಳು. ಇನ್ನೆರಡು ಸಲ ಮಾಡಿದರೂ ಅದೇ ಹಣ್ಣು, ಅದೇ ಲೋಟ, 0.3 ಮಿ.ಲೀ. ಆಚೀಚೆ. ಅವಳು ಸುಳ್ಳೇನೂ ಬರೆದಿರಲಿಲ್ಲ.

ಆಮೇಲೆ ಬುಟ್ಟಿಯಲ್ಲಿದ್ದ ಐದು ಮೋಸಂಬಿಗಳನ್ನು ಒಂದೊಂದಾಗಿ ಹಿಂಡಿ, ರಸ ಬೆರೆಸದೆ ಬೇರೆಬೇರೆಯಾಗಿ ನೋಡಿದೆವು. 9.8, 10.6, 11.5, 12.4, 13.2. ಅದೇ ಅಂಗಡಿ, ಅದೇ ದಿನ ತಂದ ಹಣ್ಣುಗಳು! ಲೆಕ್ಕ ಹಾಕಿದರೆ 100 ಮಿ.ಲೀ.ಗೆ 34ರಿಂದ 46 ಮಿ.ಗ್ರಾಂ. ಪ್ಯಾಕೆಟ್ಟಿನ 45 ಈ ಸಾಲಿನ ಒಳಗೇ ಬಂದು ಕೂತಿತು. ಅವಳು ಮೊದಲು ಆರಿಸಿದ್ದು ಕೊನೆಯ ಹಣ್ಣಾಗಿದ್ದರೆ ಚಾರ್ಟಿನಲ್ಲಿ ಮೋಸಂಬಿ ಗೆದ್ದಿರುತ್ತಿತ್ತು, ಅದಕ್ಕೂ ಆಶ್ಚರ್ಯಸೂಚಕ ಚಿಹ್ನೆ ಬಿದ್ದಿರುತ್ತಿತ್ತು. ಒಂದೇ ರಸವನ್ನು ಮೂರು ಸಲ ಅಳೆದರೆ ನಮ್ಮ ಕೈ ಎಷ್ಟು ಸ್ಥಿರ ಅಂತ ಗೊತ್ತಾಗುತ್ತದೆ, ಅಷ್ಟೇ. ಮೋಸಂಬಿ ಎಂಬ ಹಣ್ಣಿನ ಬಗ್ಗೆ ಗೊತ್ತಾಗಬೇಕಾದರೆ ಮೂರು ಮೋಸಂಬಿಯಾದರೂ ಬೇಕು. ಪ್ಯಾಕೆಟ್ಟೂ ಹಾಗೇ. ನಮ್ಮ ಹತ್ತಿರ ಇದ್ದದ್ದು ಒಂದೇ ಪ್ಯಾಕೆಟ್ಟು, ಒಂದೇ ಬ್ಯಾಚು.

ಇನ್ನೊಂದು ವಿಷಯ ಪ್ಯಾಕೆಟ್ಟಿನ ಹಿಂಬದಿಯಲ್ಲೇ ಅಚ್ಚಾಗಿತ್ತು: INS 300. INS ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳನ್ನು ಗುರುತಿಸುವ ನಂಬರು. 300 ಅಂದರೆ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿಯೇ. ಜ್ಯೂಸಿನ ಬಣ್ಣ, ರುಚಿ ಕೆಡದಿರಲಿ ಅಂತ ಕಾರ್ಖಾನೆಯಲ್ಲಿ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಯೋಡಿನ್ನಿಗೆ ಹಣ್ಣಿನಿಂದ ಬಂದದ್ದು ಯಾವುದು, ಚೀಲದಿಂದ ಸುರಿದದ್ದು ಯಾವುದು ಅಂತ ಗೊತ್ತಾಗದು.

ಈಗ ಆ ಮೋಸದ ವಿಷಯ. ಅಯೋಡಿನ್ನನ್ನು ಹಿಡಿಯುವುದು ವಿಟಮಿನ್ ಸಿ ಒಂದೇ ಅಲ್ಲ. ಸ್ಕ್ವಾಶ್ ಬಾಟಲಿಗಳಲ್ಲಿ INS 224 ಅಂತ ಇದ್ದರೆ ಅದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಕೆಡದಂತೆ ಕಾಯುವ ವಸ್ತು. ಅದು ಬಿಡುವ ಸಲ್ಫರ್ ಡೈಆಕ್ಸೈಡ್ ಕೂಡ ಅಯೋಡಿನ್ ಕುಡಿಯುತ್ತದೆ, ವಿಟಮಿನ್ ಸಿಗಿಂತ ಜಾಸ್ತಿಯೇ. ಒಂದು ಮಿ.ಗ್ರಾಂ. ಸಲ್ಫರ್ ಡೈಆಕ್ಸೈಡ್ ನಮ್ಮ ಲೆಕ್ಕದಲ್ಲಿ 2.75 ಮಿ.ಗ್ರಾಂ. ವಿಟಮಿನ್ ಸಿಯ ವೇಷ ಹಾಕುತ್ತದೆ. ಲೀಟರಿಗೆ 100 ಮಿ.ಗ್ರಾಂ. ಇದ್ದರೆ, ವಿಟಮಿನ್ ಸಿ ಒಂದು ಚೂರೂ ಇಲ್ಲದ ಸ್ಕ್ವಾಶೂ 100 ಮಿ.ಲೀ.ಗೆ 27 ಮಿ.ಗ್ರಾಂ. ಇದೆ ಅಂತ ತೋರಿಸುತ್ತದೆ! ಲೇಬಲ್ಲಿನಲ್ಲಿ 220ರಿಂದ 224ರ ನಂಬರು ಕಂಡರೆ ಆ ಬಾಟಲಿಯನ್ನು ಈ ಹೋಲಿಕೆಯಿಂದ ಹೊರಗಿಡುವುದೇ ಒಳ್ಳೆಯದು. ನೆಲ್ಲಿಕಾಯಿಯಲ್ಲಿ ಒಗರಿನ ಟ್ಯಾನಿನ್ನುಗಳ ಕಾಟ. ಅವು ನಿಧಾನವಾಗಿ ಅಯೋಡಿನ್ ತಿನ್ನುತ್ತಾ ಹೋಗುತ್ತವೆ. ನೀಲಿ ಬಂತು ಅಂತ ನಿಲ್ಲಿಸಿದರೆ ಅರ್ಧ ನಿಮಿಷಕ್ಕೆ ಮಾಸುತ್ತದೆ, ಇನ್ನೊಂದು ಹನಿ ಹಾಕಿದರೆ ಮತ್ತೆ ಮಾಸುತ್ತದೆ. ಈ ಕಾಟ ಶುರುವಾದರೆ ಬೇರೇನೋ ಸೇರಿಕೊಂಡಿದೆ ಅಂತ ಅನುಮಾನಪಡಬೇಕು. ದಾಳಿಂಬೆ ರಸವನ್ನಂತೂ ಕೈಬಿಟ್ಟೆವು, ಆ ಕೆಂಪಿನಲ್ಲಿ ನೀಲಿ ಹುಡುಕುವುದು ನಮ್ಮ ಕೈಲಾಗಲಿಲ್ಲ.

ಕಣ್ಣು ಕೂಡ ಪಕ್ಷಪಾತ ಮಾಡುತ್ತದೆ. ಪ್ಯಾಕೆಟ್ಟು ಗೆಲ್ಲಲಿ ಅಂತ ಮನಸ್ಸಿನಲ್ಲಿದ್ದರೆ ಕೊನೆಯ ಎರಡು ಹನಿ ತಾನಾಗಿಯೇ ಜಾಸ್ತಿ ಬೀಳುತ್ತದೆ. ಅದಕ್ಕೇ ಅತ್ತಿಗೆ ಒಳಗಡೆ ಲೋಟ ತುಂಬಿ ಅ, ಆ, ಇ ಅಂತ ಚೀಟಿ ಅಂಟಿಸಿ, ಸಾಲು ಕಲೆಸಿ ಕೊಟ್ಟರು. ಸಾಲು ಕಲೆಸುವುದಕ್ಕೂ ಕಾರಣ ಇದೆ. ಕೊನೆಯಲ್ಲಿ ಮಾತ್ರೆಯ ನೀರನ್ನು ಹೊಸದಾಗಿ ಮಾಡಿ ನೋಡಿದಾಗ 14.3ರ ಬದಲು 14.6 ಹಿಡಿಸಿತು. ಅಯೋಡಿನ್ ತುಸು ಸೊರಗಿತ್ತು. ಪ್ಯಾಕೆಟ್ಟನ್ನು ಪ್ರತಿಸಲ ಕೊನೆಗೇ ಇಟ್ಟಿದ್ದರೆ ಅದಕ್ಕೆ ಎರಡು ಶೇಕಡಾ ಬಿಟ್ಟಿ ಅಂಕ ಸಿಗುತ್ತಿತ್ತು.

ನಿಂಬೆಯದ್ದು ಬೇರೆ ಕಥೆ. ಆರು ಹಣ್ಣಿನ ರಸ ಕೂಡಿಸಿ 20 ಮಿ.ಲೀ. ತೆಗೆದರೆ ಹಿಡಿಸಿದ್ದು 8.6. ಅಂದರೆ 100 ಮಿ.ಲೀ.ಗೆ 30 ಮಿ.ಗ್ರಾಂ. "ಇಷ್ಟು ಹುಳಿ ಇದ್ದೂ ಇಷ್ಟೇನಾ?" ಅಂದಳು. ಹುಳಿಗೆ ಕಾರಣ ಸಿಟ್ರಿಕ್ ಆಮ್ಲ, ಅದಕ್ಕೆ ಅಯೋಡಿನ್ ಗೊಡವೆಯೇ ಇಲ್ಲ. ಹುಳಿ ನಂಬಿ ಬ್ರಿಟಿಷ್ ನೌಕಾಪಡೆಯೇ ಮೋಸಹೋಗಿತ್ತು. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗ ತಡೆಯಲು ಮೆಡಿಟರೇನಿಯನ್ ಕಡೆಯ ದೊಡ್ಡ ಲೆಮನ್ ರಸ ಕೊಡುತ್ತಿದ್ದವರು 19ನೇ ಶತಮಾನದ ನಡುವೆ ವೆಸ್ಟ್ ಇಂಡೀಸಿನ ಲೈಮಿಗೆ ಬದಲಾದರು. ನಮ್ಮ ನಿಂಬೆ ಈ ಲೈಮಿನ ಜಾತಿಯದ್ದೇ. ಅದೂ ಹುಳಿ, ಇದೂ ಹುಳಿ, ಸಾಕಲ್ಲ ಅಂದುಕೊಂಡರು. ಅದರಲ್ಲಿ ವಿಟಮಿನ್ ಕಡಿಮೆ, ರಸ ತೆಗೆದು ಇಡುವಾಗ ಇನ್ನಷ್ಟು ಹೋಗುತ್ತಿತ್ತು. 1875ರಲ್ಲಿ ಆರ್ಕ್ಟಿಕ್‌ಗೆ ಹೊರಟ, ಆ ನೌಕಾಪಡೆಯ ಕ್ಯಾಪ್ಟನ್ ಜಾರ್ಜ್ ನೇರ್ಸ್ ತಂಡಕ್ಕೆ ಲೈಮ್ ರಸ ಇದ್ದೂ ಸ್ಕರ್ವಿ ಬಡಿಯಿತು. ಅಳೆಯಬೇಕಾದ್ದನ್ನು ಬಿಟ್ಟು ನಾಲಿಗೆಗೆ ಸಿಕ್ಕಿದ್ದನ್ನು ಅಳೆದಿದ್ದರು.

100 ಮಿ.ಲೀ. ಲೆಕ್ಕ ಎಷ್ಟು ನ್ಯಾಯ ಅನ್ನುವುದೂ ಇದೆ. ನಿಂಬೆರಸವನ್ನು ಯಾರು 100 ಮಿ.ಲೀ. ಕುಡಿಯುತ್ತಾರೆ? ನಮ್ಮ ಹಣ್ಣು ಒಂದಕ್ಕೆ 15 ಮಿ.ಲೀ. ರಸ ಬಂತು. ಒಂದು ಲೋಟ ಪಾನಕಕ್ಕೆ ಒಂದು ಹಣ್ಣು ಹಿಂಡಿದರೆ 4.5 ಮಿ.ಗ್ರಾಂ. ಒಂದು ಲೋಟ, ಅಂದರೆ 200 ಮಿ.ಲೀ. ಮೋಸಂಬಿ ರಸದಲ್ಲಿ ಸುಮಾರು 80. ಚಾರ್ಟಿನಲ್ಲಿ ಎರಡೂ ಲೆಕ್ಕ ಬರೆಸಿದೆ, ಯಾವುದು ಯಾವುದಕ್ಕೆ ಅಂತ ಹೆಸರು ಹಾಕಿ.

ಆಮೇಲೆ ಮಾತು ತಿದ್ದುವ ಕೆಲಸ. ಮೊದಲು ಅವಳು ಹೆದರಿ ಎಲ್ಲದಕ್ಕೂ "ಇರಬಹುದು" ಸೇರಿಸಿದಳು. ಅದೂ ಬೇಡ ಅಂದೆ. ಪಾನಕದ 4.5ಕ್ಕೂ ಮೋಸಂಬಿ ಲೋಟದ 80ಕ್ಕೂ ಇರುವ ಅಂತರವನ್ನು ಕೈ ನಡುಕವಾಗಲಿ ಹಣ್ಣಿನ ವ್ಯತ್ಯಾಸವಾಗಲಿ ಮುಚ್ಚಲಾರದು, ಅಲ್ಲಿ ಧೈರ್ಯವಾಗಿ "ಬಹಳ ಜಾಸ್ತಿ" ಅನ್ನು. ಪ್ಯಾಕೆಟ್ಟಿನ ವಿಷಯದಲ್ಲಿ ಮಾತ್ರ ಬಾಯಿ ಬಿಗಿ. ಕೊನೆಗೆ ಹೀಗೆ ಬರೆದಳು: "ನಾವು ನೋಡಿದ ಐದು ಮೋಸಂಬಿಗಳ ರಸ 100 ಮಿ.ಲೀ.ಗೆ 34ರಿಂದ 46 ಮಿ.ಗ್ರಾಂ. ವಿಟಮಿನ್ ಸಿಗೆ ಸಮನಾದ ಅಯೋಡಿನ್ ಹಿಡಿಯಿತು. ಒಂದು ಪ್ಯಾಕೆಟ್ ಜ್ಯೂಸು 45. ಈ ಪರೀಕ್ಷೆಯಲ್ಲಿ ಇವೆರಡರ ನಡುವೆ ವ್ಯತ್ಯಾಸ ಹೇಳಲು ಆಗಲಿಲ್ಲ." "ಸಮನಾದ" ಅನ್ನುವ ಪದಕ್ಕೆ ಜಾಗ ಸಾಲದೆ ಎರಡು ಸಲ ಅಳಿಸಿ ಬರೆದಳು.

ಉಳಿದ ಮೋಸಂಬಿ ರಸ ಸ್ಟೀಲ್ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿತ್ತು. ಮಾರನೇ ಬೆಳಿಗ್ಗೆ ಸುಮ್ನೆ ಒಂದು ಸಲ ನೋಡಿದೆವು, ಅಯೋಡಿನ್ ಹಿಂದಿನ ದಿನಕ್ಕಿಂತ ಕಡಿಮೆ ಹಿಡಿಸಿತು. "ಅಷ್ಟು ವಿಟಮಿನ್ ಸತ್ತುಹೋಯ್ತು ಅಂತ ಬರೀಲಾ ಚಿಕ್ಕಪ್ಪ?" ಗಾಳಿ ತಾಗಿದ ವಿಟಮಿನ್ ಸಿ ಮೊದಲು ಡೀಹೈಡ್ರೋಆಸ್ಕಾರ್ಬಿಕ್ ಆಮ್ಲವಾಗುತ್ತದೆ. ಅದನ್ನು ನಮ್ಮ ಮೈ ಮತ್ತೆ ವಿಟಮಿನ್ ಸಿ ಮಾಡಿಕೊಳ್ಳಬಲ್ಲದು, ಆದರೆ ಅಯೋಡಿನ್ನಿಗೆ ಅದು ಕಾಣುವುದಿಲ್ಲ. ಇದನ್ನು ಹೇಳಿದ ಮೇಲೆ ಅವಳು "ಸತ್ತುಹೋಯ್ತು" ಬಿಟ್ಟು "ಅಯೋಡಿನ್ ಕಡಿಮೆ ಹಿಡಿಯಿತು" ಅಂತ ಬರೆದು, ಸ್ಕೆಚ್ ಪೆನ್ನಿನ ಮುಚ್ಚಳ ಹಾಕಿದಳು.